ಹಳದಿ ಬಿಸಾಕೋ ಮುಂಚೆ ಒಂದು ಲೆಕ್ಕ

ನಮ್ಮ ಹಾಸ್ಟೆಲ್ ಮೆಸ್‌ನಲ್ಲಿ ವಾರಕ್ಕೆರಡು ಸಲ ಬೇಯಿಸಿದ ಮೊಟ್ಟೆ ಕೊಡ್ತಾರೆ. ಆ ದಿನ ಊಟ ಮುಗಿದ ಮೇಲೆ ತಟ್ಟೆ ಇಡೋ ಜಾಗಕ್ಕೆ ಹೋಗಿ ನೋಡಿ. ಅನ್ನ, ಸಾಂಬಾರಿನ ಜೊತೆ ಸಾಲಾಗಿ ಹಳದಿ ಉಂಡೆಗಳು ಬಿದ್ದಿರುತ್ತವೆ. ಬಿಳಿ ಭಾಗ ಮಾಯ, ಹಳದಿ ಹಾಗೇ. ಮೆಸ್ ಅಣ್ಣ ಒಂದು ದಿನ ತಡೆಯಲಾರದೆ ಕೇಳಿಯೇ ಬಿಟ್ರು: "ಯಾಕ್ರಪ್ಪಾ, ಮೊಟ್ಟೆಯಲ್ಲಿ ರುಚಿ ಇರೋದೇ ಅದ್ರಲ್ಲಿ, ಅದನ್ನೇ ಬಿಸಾಕ್ತೀರಲ್ಲ?" ಜಿಮ್‌ಗೆ ಹೋಗೋ ಸೀನಿಯರ್ ಒಬ್ಬರು ಒಂದೇ ಪದದಲ್ಲಿ ಉತ್ತರ ಕೊಟ್ರು: "ಕೊಲೆಸ್ಟ್ರಾಲ್."

ಅದೇ ಟೇಬಲ್‌ನ ಆ ಕಡೆ ಕೂತಿದ್ದ ನಮ್ಮ ರೂಮ್‌ಮೇಟ್ ನಕ್ಕುಬಿಟ್ಟ. ಅವನು ಇನ್ನೊಂದು ಪಾರ್ಟಿ. "ಅದೆಲ್ಲ ಹಳೇ ಕಥೆ ಅಣ್ಣಾ, ಮೊಟ್ಟೆ ತಿಂದ್ರೆ ಕೊಲೆಸ್ಟ್ರಾಲ್ ಏರೋದೇ ಇಲ್ಲ ಅಂತ ಪ್ರೂವ್ ಆಗಿದೆ" ಅಂದ. ಅವನು ದಿನಕ್ಕೆ ಮೂರು ಮೊಟ್ಟೆ ತಿಂತಾನೆ, ಹಳದಿ ಸಮೇತ.

ನಾವು ರೂಮಿನ ನಾಲ್ಕು ಜನ ಆ ರಾತ್ರಿ ಶುರು ಮಾಡಿದ ವಾದ ಇಂಟರ್ನಲ್ಸ್ ಮುಗಿಯುವವರೆಗೂ ನಡೀತು. ಕೊನೆಗೆ ನಾವು ಬಂದು ನಿಂತ ಜಾಗ ಇದು: ಎರಡೂ ಪಾರ್ಟಿಯವರು ಒಂದೇ ತಪ್ಪು ಮಾಡ್ತಿದ್ದಾರೆ. "ಏರುತ್ತಾ, ಏರಲ್ವಾ" ಅಂತ ಹೌದು-ಇಲ್ಲದ ಪ್ರಶ್ನೆ ಕೇಳ್ತಿದ್ದಾರೆ. ಇಂಜಿನಿಯರಿಂಗ್ ಓದುವ ನಾವು ಕೇಳಬೇಕಾದದ್ದು "ಎಷ್ಟು, ಯಾರಿಗೆ" ಅಂತ. ಆ ಪ್ರಶ್ನೆಗೆ ಉತ್ತರ ಇದೆ. ಉತ್ತರ ಸೊನ್ನೆ ಅಲ್ಲ, ಹೆದರಿಕೊಂಡು ಹಳದಿ ಬಿಸಾಕುವಷ್ಟು ದೊಡ್ಡದೂ ಅಲ್ಲ.

ಮೊದಲು ಹೆದರಿಕೆ ಎಲ್ಲಿಂದ ಬಂತು ನೋಡೋಣ. ಒಂದು ದೊಡ್ಡ ಮೊಟ್ಟೆಯಲ್ಲಿ ಸುಮಾರು 186 ಮಿಲಿಗ್ರಾಂ ಕೊಲೆಸ್ಟ್ರಾಲ್ ಇರುತ್ತೆ. ಅಷ್ಟೂ ಹಳದಿಯಲ್ಲೇ, ಬಿಳಿ ಭಾಗದಲ್ಲಿ ಇಲ್ಲವೇ ಇಲ್ಲ. 1913ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ನಿಕೊಲಾಯ್ ಅನಿಚ್ಕೊವ್ ಅನ್ನೋ ವಿಜ್ಞಾನಿ ಮೊಲಗಳಿಗೆ ಶುದ್ಧ ಕೊಲೆಸ್ಟ್ರಾಲನ್ನು ಸೂರ್ಯಕಾಂತಿ ಎಣ್ಣೆಯಲ್ಲಿ ಕರಗಿಸಿ ತಿನ್ನಿಸಿದರು. ಮೊಲಗಳ ರಕ್ತದಲ್ಲಿ ಕೊಲೆಸ್ಟ್ರಾಲ್ ವಿಪರೀತ ಏರಿತು, ರಕ್ತನಾಳದ ಗೋಡೆಯಲ್ಲಿ ಕೊಬ್ಬು ಕಟ್ಟಿತು. ಬಹಳ ದೊಡ್ಡ ಪ್ರಯೋಗ ಅದು. ಆದರೆ ಮೊಲ ಹುಲ್ಲು ತಿನ್ನೋ ಪ್ರಾಣಿ. ಅದರ ಸಹಜ ಊಟದಲ್ಲಿ ಕೊಲೆಸ್ಟ್ರಾಲೇ ಇರಲ್ಲ, ಹಾಗಾಗಿ ಅದನ್ನು ಸಂಭಾಳಿಸೋ ವ್ಯವಸ್ಥೆಯೂ ದುರ್ಬಲ. ಇಲಿಗೋ ನಾಯಿಗೋ ಹಾಗೆ ತಿನ್ನಿಸಿದರೆ ಅಷ್ಟು ಸುಲಭಕ್ಕೆ ಏನೂ ಆಗಲ್ಲ. ಮನುಷ್ಯ ಈ ಎರಡು ಗುಂಪಿನ ನಡುವೆ ಎಲ್ಲೋ ಬರ್ತಾನೆ.

1968ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ದಿನಕ್ಕೆ 300 ಮಿಲಿಗ್ರಾಂ ಕೊಲೆಸ್ಟ್ರಾಲ್ ಮೀರಬೇಡಿ, ವಾರಕ್ಕೆ ಮೂರಕ್ಕಿಂತ ಹೆಚ್ಚು ಹಳದಿ ತಿನ್ನಬೇಡಿ ಅಂತ ಸಲಹೆ ಕೊಟ್ಟಿತು. ನಮ್ಮ ಜಿಮ್ ಅಣ್ಣನ ಭಯದ ಬೇರು ಅಲ್ಲಿದೆ. 2015ರ ಅಮೆರಿಕದ ಆಹಾರ ಮಾರ್ಗಸೂಚಿಯಲ್ಲಿ ಆ 300ರ ಮಿತಿ ಬಿಟ್ಟುಹೋಯಿತು. ನಮ್ಮ ರೂಮ್‌ಮೇಟ್‌ನ ಧೈರ್ಯದ ಬೇರು ಅಲ್ಲಿದೆ. ಆದರೆ ರೀಲ್ಸ್‌ನಲ್ಲಿ ಹೇಳದ ಒಂದು ಮಾತಿದೆ. ಮಿತಿಯ ಅಂಕಿ ತೆಗೆದ ಅದೇ ದಾಖಲೆ, ಒಳ್ಳೆಯ ಊಟದ ಕ್ರಮದೊಳಗೆ ಕೊಲೆಸ್ಟ್ರಾಲನ್ನು ಸಾಧ್ಯವಾದಷ್ಟು ಕಡಿಮೆ ತಿನ್ನಿ ಅಂತಲೂ ಬರೆದಿತ್ತು. ಸ್ಪೀಡ್ ಲಿಮಿಟ್ ಬೋರ್ಡ್ ತೆಗೆದರು ಅಂದಮಾತ್ರಕ್ಕೆ ರಸ್ತೆಯ ತಿರುವು ನೇರ ಆಗಲ್ಲ.

ಹಾಗಾದರೆ ದೇಹದೊಳಗೆ ಏನಾಗುತ್ತೆ? ಕೊಲೆಸ್ಟ್ರಾಲ್ ಹೊರಗಿನಿಂದ ಬಂದು ಸೇರುವ ಕಸ ಅಲ್ಲ. ಜೀವಕೋಶದ ಪೊರೆಗೆ, ಹಾರ್ಮೋನುಗಳಿಗೆ, ಜೀರ್ಣಕ್ಕೆ ಬೇಕಾದ ಪಿತ್ತರಸಕ್ಕೆ ಅದು ಬೇಕೇ ಬೇಕು. ಅದಕ್ಕೇ ದೇಹ ತಾನೇ ತಯಾರಿಸಿಕೊಳ್ಳುತ್ತೆ. ನಾವು ತಿನ್ನೋದಕ್ಕಿಂತ ಒಳಗೆ ತಯಾರಾಗೋದೇ ಜಾಸ್ತಿ. ತಿಂದಿದ್ದರಲ್ಲೂ ಸರಾಸರಿ ಅರ್ಧದಷ್ಟು ಮಾತ್ರ ಕರುಳಿನಿಂದ ಒಳಗೆ ಹೋಗುತ್ತೆ, ಉಳಿದದ್ದು ಹಾಗೇ ಹೊರಗೆ. ಒಳಗೆ ಹೋದದ್ದು ಲಿವರ್ ತಲುಪಿದಾಗ ಲಿವರ್ ತನ್ನ ಸ್ವಂತ ತಯಾರಿಕೆಯನ್ನು ತಗ್ಗಿಸುತ್ತೆ.

ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಇದು ನೆಗೆಟಿವ್ ಫೀಡ್‌ಬ್ಯಾಕ್ ಅಂತ ತಕ್ಷಣ ಗೊತ್ತಾಗುತ್ತೆ. "ನೋಡಿದ್ಯಾ, ದೇಹವೇ ಅಡ್ಜಸ್ಟ್ ಮಾಡಿಕೊಳ್ಳುತ್ತೆ, ಹಾಗಾಗಿ ಏರಲ್ಲ" ಅಂತ ನಮ್ಮ ರೂಮ್‌ಮೇಟ್ ಇಲ್ಲಿಗೇ ವಾದ ಮುಗಿಸಿದ್ದ. ಆದರೆ ಫೀಡ್‌ಬ್ಯಾಕ್ ಇದೆ ಅಂದರೆ ಎರರ್ ಸೊನ್ನೆ ಅಂತ ಅರ್ಥ ಅಲ್ಲ. ಬರೀ ಪ್ರಪೋರ್ಷನಲ್ ಕಂಟ್ರೋಲರ್ ಇದ್ದರೆ ಕೊನೆಗೂ ಒಂದಿಷ್ಟು ಸ್ಟೆಡಿ ಸ್ಟೇಟ್ ಎರರ್ ಉಳಿಯುತ್ತೆ ಅಂತ ನಾವೇ ಲ್ಯಾಬ್‌ನಲ್ಲಿ ನೋಡಿದ್ದೇವೆ. ಲಿವರ್‌ನಲ್ಲೂ ಹಾಗೆಯೇ. ಲಿವರ್ ಕೋಶದ ಮೇಲೆ ಎಲ್‌ಡಿಎಲ್ ರಿಸೆಪ್ಟರ್ ಅನ್ನೋ ಕೊಕ್ಕೆಗಳಿರುತ್ತವೆ. ರಕ್ತದಲ್ಲಿ ಓಡಾಡುವ ಎಲ್‌ಡಿಎಲ್ ಕಣಗಳನ್ನು ಹಿಡಿದು ಒಳಗೆ ಎಳೆದುಕೊಳ್ಳೋದು ಅವುಗಳ ಕೆಲಸ. ಇದನ್ನು ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೈನ್ ಜೋಡಿಗೆ 1985ರಲ್ಲಿ ನೊಬೆಲ್ ಬಂತು. ಲಿವರ್‌ಗೆ ಊಟದಿಂದಲೇ ಸಾಕಷ್ಟು ಕೊಲೆಸ್ಟ್ರಾಲ್ ಸಿಕ್ಕಾಗ ಅದು ತಯಾರಿಕೆ ತಗ್ಗಿಸೋದರ ಜೊತೆಗೆ ಈ ಕೊಕ್ಕೆಗಳನ್ನೂ ಕಡಿಮೆ ಮಾಡುತ್ತೆ. ಕೊಕ್ಕೆ ಕಡಿಮೆಯಾದರೆ ರಕ್ತದಲ್ಲೇ ಉಳಿಯುವ ಎಲ್‌ಡಿಎಲ್ ಸ್ವಲ್ಪ ಹೆಚ್ಚಾಗುತ್ತೆ. ಹೆಚ್ಚಾಗೋದು ನಿಜ, ಸ್ವಲ್ಪ ಅನ್ನೋದೂ ನಿಜ.

ಆ "ಸ್ವಲ್ಪ" ಎಷ್ಟು? 2001ರಲ್ಲಿ ನೆದರ್‌ಲ್ಯಾಂಡ್ಸ್‌ನ ವೆಗ್ಗೆಮನ್ಸ್, ಜೋಕ್, ಕಾಟನ್ ಎಂಬ ಮೂವರು 17 ನಿಯಂತ್ರಿತ ಪ್ರಯೋಗಗಳನ್ನು ಒಟ್ಟಿಗೆ ಸೇರಿಸಿ ಲೆಕ್ಕ ಹಾಕಿದರು. ಒಟ್ಟು 556 ಜನ. ಇವೆಲ್ಲ ಏನು ತಿಂತೀರಿ ಅಂತ ಬರೀ ಕೇಳಿ ಬರೆದುಕೊಂಡ ಸಮೀಕ್ಷೆಗಳಲ್ಲ, ಊಟವನ್ನೇ ಬದಲಾಯಿಸಿ ರಕ್ತ ಪರೀಕ್ಷೆ ಮಾಡಿದ ಪ್ರಯೋಗಗಳು. ದಿನಕ್ಕೆ 100 ಮಿಲಿಗ್ರಾಂ ಕೊಲೆಸ್ಟ್ರಾಲ್ ಹೆಚ್ಚು ತಿಂದರೆ ರಕ್ತದ ಒಟ್ಟು ಕೊಲೆಸ್ಟ್ರಾಲ್ ಡೆಸಿಲೀಟರಿಗೆ ಸುಮಾರು 2.2 ಮಿಲಿಗ್ರಾಂ ಏರುತ್ತೆ ಅಂತ ಸಿಕ್ಕಿತು. "ಒಳ್ಳೆಯದು" ಅಂತ ಕರೆಯುವ ಎಚ್‌ಡಿಎಲ್ ಕೂಡ ಏರುತ್ತೆ, ಆದರೆ 0.3 ಮಾತ್ರ. ಒಂದು ಮೊಟ್ಟೆಯ 186ಕ್ಕೆ ಲೆಕ್ಕ ಹಾಕಿದರೆ ಸುಮಾರು 4 ಮಿಲಿಗ್ರಾಂ. ನಮ್ಮ ವಯಸ್ಸಿನವರ ಒಟ್ಟು ಕೊಲೆಸ್ಟ್ರಾಲ್ 160 ಇದೆ ಅಂದುಕೊಂಡರೆ ಅದು 164 ಆಗುತ್ತೆ.

ಇಷ್ಟೇ ಆಗಿದ್ದರೆ ಈ ಲೇಖನ ಇಲ್ಲಿಗೇ ಮುಗೀತಿತ್ತು. ಆದರೆ ಆ 4 ಅನ್ನೋದು ಸರಾಸರಿ. ಸರಾಸರಿಯೊಳಗೆ ನಮಗೆ ತುಂಬಾ ಇಷ್ಟವಾದ ಒಂದು ವಿಷಯ ಅಡಗಿದೆ. 1965ರಲ್ಲಿ ಅಮೆರಿಕದ ಆನ್ಸೆಲ್ ಕೀಸ್ ತಂಡ, ಊಟದ ಕೊಲೆಸ್ಟ್ರಾಲ್ ಮತ್ತು ರಕ್ತದ ಕೊಲೆಸ್ಟ್ರಾಲ್ ನಡುವಿನ ಸಂಬಂಧ ಸರಳ ರೇಖೆ ಅಲ್ಲ, ವರ್ಗಮೂಲ ಅಂತ ತೋರಿಸಿತು. ಬೇರೆ ಕೊಬ್ಬು ಬದಲಾಗದೆ ಇದ್ದಾಗ ಅವರ ಸೂತ್ರ ಹೀಗೆ:

```
ΔC = 1.5 × (√Z2 − √Z1)
```

ಇಲ್ಲಿ ΔC ಅಂದರೆ ರಕ್ತದ ಒಟ್ಟು ಕೊಲೆಸ್ಟ್ರಾಲ್‌ನಲ್ಲಿ ಆಗುವ ಬದಲಾವಣೆ. Z ಅಂದರೆ ಊಟದ ಪ್ರತಿ 1000 ಕಿಲೋಕ್ಯಾಲರಿಗೆ ಎಷ್ಟು ಮಿಲಿಗ್ರಾಂ ಕೊಲೆಸ್ಟ್ರಾಲ್ ತಿಂತೀವಿ ಅನ್ನೋದು. Z1 ಮೊದಲಿನದು, Z2 ಆಮೇಲಿನದು. ವರ್ಗಮೂಲದ ಗ್ರಾಫ್ ನೆನಪಿಸಿಕೊಳ್ಳಿ. ಶುರುವಿನಲ್ಲಿ ಕಡಿದಾಗಿ ಏರಿ ಆಮೇಲೆ ಚಪ್ಪಟೆಯಾಗುತ್ತಾ ಹೋಗುತ್ತೆ. ಅಂದರೆ ಅದೇ ಮೊಟ್ಟೆ, ಯಾರ ತಟ್ಟೆಗೆ ಬೀಳುತ್ತೆ ಅನ್ನೋದರ ಮೇಲೆ ಬೇರೆ ಬೇರೆ ಕೆಲಸ ಮಾಡುತ್ತೆ.

ನಮ್ಮ ಟೇಬಲ್‌ನಲ್ಲೇ ಮೂರು ಜನರನ್ನು ತಗೊಳ್ಳೋಣ. ಲೆಕ್ಕ ಸುಲಭವಾಗಲಿ ಅಂತ ಮೂವರೂ ದಿನಕ್ಕೆ 2000 ಕಿಲೋಕ್ಯಾಲರಿ ತಿಂತಾರೆ ಅಂದುಕೊಳ್ಳಿ.

ಮೊದಲನೆಯವಳು ನಮ್ಮ ಕ್ಲಾಸಿನವಳು, ಮನೆಯಲ್ಲಿ ಪೂರ್ತಿ ಸಸ್ಯಾಹಾರ, ಹಾಸ್ಟೆಲ್‌ಗೆ ಬಂದ ಮೇಲೆ ಮೊಟ್ಟೆ ಶುರು ಮಾಡಿದ್ದಾಳೆ. ಹಾಲು, ಮೊಸರು, ತುಪ್ಪದಿಂದ ದಿನಕ್ಕೆ 50 ಮಿಲಿಗ್ರಾಂ ಅಂದುಕೊಂಡರೆ Z1 = 25, ವರ್ಗಮೂಲ 5. ದಿನಕ್ಕೊಂದು ಮೊಟ್ಟೆ ಸೇರಿದರೆ 236 ಮಿಲಿಗ್ರಾಂ, Z2 = 118, ವರ್ಗಮೂಲ 10.9. ವ್ಯತ್ಯಾಸವನ್ನು 1.5ರಿಂದ ಗುಣಿಸಿದರೆ ಸುಮಾರು 9 ಮಿಲಿಗ್ರಾಂ ಏರಿಕೆ.

ಎರಡನೆಯವನು ಆಗಾಗ ಚಿಕನ್, ಮೀನು ತಿನ್ನೋವನು. ದಿನಕ್ಕೆ 200 ಮಿಲಿಗ್ರಾಂ. Z1 = 100, ವರ್ಗಮೂಲ 10. ಮೊಟ್ಟೆ ಸೇರಿದರೆ Z2 = 193, ವರ್ಗಮೂಲ 13.9. ಏರಿಕೆ ಸುಮಾರು 6.

ಮೂರನೆಯವರು ಈಗಾಗಲೇ ಹಳದಿ ಸಮೇತ ದಿನಕ್ಕೆ ನಾಲ್ಕು ಮೊಟ್ಟೆ ತಿನ್ನೋ ಇನ್ನೊಬ್ಬ ಜಿಮ್ ಅಣ್ಣ. ದಿನಕ್ಕೆ 800 ಮಿಲಿಗ್ರಾಂ. Z1 = 400, ವರ್ಗಮೂಲ 20. ಐದನೇ ಮೊಟ್ಟೆ ಸೇರಿದರೆ Z2 = 493, ವರ್ಗಮೂಲ 22.2. ಏರಿಕೆ ಸುಮಾರು 3.

ಅದೇ ಮೊಟ್ಟೆ, 9, 6, 3. ಈ ಸೂತ್ರವೂ ಸರಾಸರಿಯೇ, ನಿಮ್ಮ ರಕ್ತದ ಭವಿಷ್ಯ ಹೇಳೋ ಪಂಚಾಂಗ ಅಲ್ಲ. ಆದರೆ ಗ್ರಾಫಿನ ಆಕಾರ ಮುಖ್ಯ. 1992ರಲ್ಲಿ ಹಾಪ್‌ಕಿನ್ಸ್ ಅನ್ನೋರು 27 ಪ್ರಯೋಗಗಳನ್ನು ಸೇರಿಸಿ ನೋಡಿದಾಗಲೂ ಇದೇ ಕಂಡಿತು: ಮೊದಲು ಕಡಿಮೆ ತಿನ್ನುತ್ತಿದ್ದವರಿಗೆ ಏರಿಕೆ ಹೆಚ್ಚು, ಆಗಲೇ ಹೆಚ್ಚು ತಿನ್ನುತ್ತಿದ್ದವರಿಗೆ ಹೊಸದಾಗಿ ಸೇರಿಸಿದರೂ ಏರಿಕೆ ಅತ್ಯಲ್ಪ.

"ಮೊಟ್ಟೆಯಿಂದ ಏನೂ ಆಗಲ್ಲ" ಅನ್ನೋ ಅರ್ಧ ಮಾತು ಇಲ್ಲಿಂದಲೇ ಹುಟ್ಟಿದೆ ಅಂತ ನಮಗನಿಸುತ್ತೆ. ಮಾಂಸ, ಚೀಸ್, ಮೊಟ್ಟೆ ಎಲ್ಲಾ ದಿನವೂ ಇರುವ ಊಟದವರ ಮೇಲೆ ಪ್ರಯೋಗ ಮಾಡಿದರೆ ಗ್ರಾಫಿನ ಚಪ್ಪಟೆ ಭಾಗವೇ ಸಿಗುತ್ತೆ. ಅದನ್ನು ತಂದು, ಗ್ರಾಫಿನ ಕಡಿದಾದ ಭಾಗದಲ್ಲಿ ನಿಂತಿರುವ ನಮ್ಮ ಸಸ್ಯಾಹಾರಿ ಗೆಳತಿಗೆ "ನಿನಗೂ ಏನೂ ಆಗಲ್ಲ" ಅಂದರೆ ಅದು ತಪ್ಪು ಎಕ್ಸ್‌ಟ್ರಾಪೊಲೇಷನ್. ಇದನ್ನು ಯಾವ ಮೇಷ್ಟ್ರೂ ಲ್ಯಾಬ್ ರೆಕಾರ್ಡ್‌ನಲ್ಲಿ ಒಪ್ಪಲ್ಲ.

ಇನ್ನು ನಮ್ಮ ರೂಮ್‌ಮೇಟ್‌ನ "ಪ್ರೂಫ್"ಗೆ ಬರೋಣ. ಅವನು ಸುಮ್ಮನೆ ಮಾತಾಡಲಿಲ್ಲ, ಪಾಪ. ಮೂರು ಮೊಟ್ಟೆ ಶುರು ಮಾಡೋ ಮುಂಚೆ ರಕ್ತ ಪರೀಕ್ಷೆ ಮಾಡಿಸಿದ್ದ: ಒಟ್ಟು ಕೊಲೆಸ್ಟ್ರಾಲ್ 158. ಆರು ವಾರ ಆದ ಮೇಲೆ ಮತ್ತೆ ಮಾಡಿಸಿದ: 151. "ಇಳಿದಿದೆ ಮಗಾ!" ಅಂತ ರಿಪೋರ್ಟನ್ನು ಗೋಡೆಗೆ ಅಂಟಿಸಿದ.

ಅವನ ಮೂರು ಮೊಟ್ಟೆಗೆ ಕೀಸ್ ಸೂತ್ರ ಹಾಕಿದರೆ, 200ರಿಂದ 758 ಮಿಲಿಗ್ರಾಂಗೆ ಹೋದಾಗ, ಸುಮಾರು 14 ಏರಬೇಕಿತ್ತು. 7 ಇಳಿದಿದೆ. ಸೂತ್ರ ಸುಳ್ಳಾ? ಅಲ್ಲ. ಏನೂ ಬದಲಾಯಿಸದೆ ಸುಮ್ಮನಿದ್ದರೂ ಒಬ್ಬ ಮನುಷ್ಯನ ಒಟ್ಟು ಕೊಲೆಸ್ಟ್ರಾಲ್ ದಿನದಿಂದ ದಿನಕ್ಕೆ ಸುಮಾರು ಶೇಕಡಾ 6ರ ಸ್ಟ್ಯಾಂಡರ್ಡ್ ಡೀವಿಯೇಷನ್‌ನಲ್ಲಿ ಆಡುತ್ತಿರುತ್ತೆ. ಎರಡು ಅಳತೆಗಳ ವ್ಯತ್ಯಾಸ ತೆಗೆದರೆ ಈ ಗದ್ದಲ √2 ಪಟ್ಟು ಆಗುತ್ತೆ, ಅಂದರೆ ಶೇಕಡಾ 8.5. ಅದರ ಎರಡು ಪಟ್ಟು ಶೇಕಡಾ 17. ಅವನ 158ಕ್ಕೆ ಅದು ಸುಮಾರು 27 ಮಿಲಿಗ್ರಾಂ. ಅಂದರೆ 27ಕ್ಕಿಂತ ಕಡಿಮೆ ವ್ಯತ್ಯಾಸ ಬಂದರೆ, ಏರಲಿ ಇಳಿಯಲಿ, ಅದು ಬರೀ ಆಕಸ್ಮಿಕವೂ ಆಗಿರಬಹುದು. ಲ್ಯಾಬಿನ ಯಂತ್ರದ ತಪ್ಪನ್ನು ನಾವು ಸೇರಿಸಿಯೂ ಇಲ್ಲ. ಸೆಂಟಿಮೀಟರ್ ಗೆರೆ ಮಾತ್ರ ಇರೋ ಸ್ಕೇಲಿನಲ್ಲಿ ಮಿಲಿಮೀಟರ್ ಅಳೆದು ರಿಪೋರ್ಟ್ ಗೋಡೆಗೆ ಅಂಟಿಸಿದ ಹಾಗೆ ಇದು. ಹೇಳಿದ ಮೇಲೆ ಅವನೂ ಒಪ್ಪಿದ, ರಿಪೋರ್ಟ್ ಮಾತ್ರ ಗೋಡೆ ಮೇಲೆ ಇನ್ನೂ ಇದೆ.

ಇದೇ ತಪ್ಪು ದೊಡ್ಡವರ ಸಂಶೋಧನೆಯಲ್ಲೂ ಆಗುತ್ತೆ. 5 ಮಿಲಿಗ್ರಾಂ ಏರಿಕೆಯನ್ನು ಒಂದೊಂದೇ ರಕ್ತ ಪರೀಕ್ಷೆಯಿಂದ ನಂಬಿಕೆಯಾಗಿ ಹಿಡಿಯಬೇಕಾದರೆ ಇದೇ ಗದ್ದಲದ ಲೆಕ್ಕದಲ್ಲಿ ಸುಮಾರು 60 ಜನ ಬೇಕಾಗುತ್ತೆ. ಇಪ್ಪತ್ತು ಜನರ ಮೇಲೆ ಮಾಡಿದರೆ ಏರಿಕೆ ನಿಜವಾಗಿ ಇದ್ದರೂ "ಅಂಕಿಅಂಶದ ದೃಷ್ಟಿಯಿಂದ ಗಮನಾರ್ಹ ವ್ಯತ್ಯಾಸ ಇಲ್ಲ" ಅಂತಲೇ ಬರುವ ಸಾಧ್ಯತೆ ಹೆಚ್ಚು. ಆ ವಾಕ್ಯದ ಅರ್ಥ "ನಮಗೆ ಕಾಣಿಸಲಿಲ್ಲ" ಅಂತ. ಸುದ್ದಿಯಲ್ಲಿ ಅದು "ಇಲ್ಲ" ಅಂತ ಆಗುತ್ತೆ.

ಇದರ ಹಿಂದೆ ದುಡ್ಡಿನ ಕಥೆಯೂ ಇದೆ. ಅಮೆರಿಕದಲ್ಲಿ ಮೊಟ್ಟೆ ಉದ್ಯಮವೇ ಮೊಟ್ಟೆಯ ಮೇಲಿನ ಸಂಶೋಧನೆಗೆ ಬಹಳಷ್ಟು ಹಣ ಕೊಡುತ್ತೆ. ನೀಲ್ ಬರ್ನಾರ್ಡ್ ಮತ್ತು ಸಂಗಡಿಗರು ಇಂಥ ಅಧ್ಯಯನಗಳನ್ನೆಲ್ಲ ಜೋಡಿಸಿ ನೋಡಿದಾಗ, ಉದ್ಯಮದ ಹಣದ ಪ್ರಯೋಗಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ಒಳಗಿನ ಅಂಕಿಗೂ ಕೊನೆಯ ತೀರ್ಮಾನಕ್ಕೂ ತಾಳೆ ಆಗುತ್ತಿರಲಿಲ್ಲ. ಬೇರೆ ಹಣದ ಪ್ರಯೋಗಗಳಲ್ಲಿ ಹಾಗಾದದ್ದು ಎಂಟರಲ್ಲಿ ಒಂದರಷ್ಟು. ನ್ಯಾಯವಾಗಿ ಇದನ್ನೂ ಹೇಳಬೇಕು: ಬರ್ನಾರ್ಡ್ ಕೂಡ ಪೂರ್ತಿ ಸಸ್ಯಾಹಾರದ ಪರ ಪ್ರಚಾರ ಮಾಡೋ ಸಂಸ್ಥೆಯವರು. ಆದರೂ ಅವರು ಹೇಳಿದ ಒಂದು ಮಾತನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ಯಾರ ಹಣವೇ ಆಗಿರಲಿ, ಹೆಚ್ಚಿನ ಪ್ರಯೋಗಗಳ ಟೇಬಲ್‌ನಲ್ಲಿ ಅಂಕಿ ಮೇಲಕ್ಕೇ ಹೋಗಿತ್ತು. ಜಾರಿದ್ದು ತೀರ್ಮಾನದ ವಾಕ್ಯ. ಹಾಗಾಗಿ ನಮ್ಮ ಸಲಹೆ ಒಂದೇ: ಕೊನೆಯ ಪ್ಯಾರಾ ಓದೋ ಮುಂಚೆ ಟೇಬಲ್ ನೋಡಿ.

"ಸರಿ, 5 ಏರಿತು ಅಂತಾನೇ ಇಟ್ಟುಕೊಳ್ಳಿ. ಹಾರ್ಟ್‌ಗೆ ಏನಾಗುತ್ತೆ ಹೇಳಿ" ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಸ್ಟ್ಯಾಟಿನ್ ಮಾತ್ರೆಗಳ ದೊಡ್ಡ ಪ್ರಯೋಗಗಳಿಂದ ಒಂದು ಅಳತೆಗೋಲು ಸಿಕ್ಕಿದೆ. ಎಲ್‌ಡಿಎಲ್ ಸುಮಾರು 39 ಮಿಲಿಗ್ರಾಂ ಇಳಿದರೆ ಹೃದಯಾಘಾತ, ಪಾರ್ಶ್ವವಾಯು ಇತ್ಯಾದಿ ದೊಡ್ಡ ಅಪಾಯಗಳು ಸುಮಾರು ಐದನೇ ಒಂದು ಭಾಗ ಕಡಿಮೆಯಾಗುತ್ತವೆ. ಅದೇ ಅಳತೆಯಲ್ಲಿ 5 ಮಿಲಿಗ್ರಾಂ ಅಂದರೆ ಶೇಕಡಾ 3ರ ಆಸುಪಾಸು. ಹತ್ತು ವರ್ಷದಲ್ಲಿ ಅಪಾಯ ನೂರಕ್ಕೆ ಒಂದು ಇರುವ ಆರೋಗ್ಯವಂತನಿಗೆ ಅದು 1ರಿಂದ 1.03 ಆಗುತ್ತೆ. ನಮ್ಮ ಹೆಚ್ಚಿನವರ ಮಟ್ಟಿಗೆ ಇದು ನಿದ್ದೆ ಕೆಡಿಸಿಕೊಳ್ಳುವ ಅಂಕಿ ಅಲ್ಲ.

ಇಷ್ಟು ಚಿಕ್ಕ ಪರಿಣಾಮವನ್ನು ಜನರನ್ನು ವರ್ಷಗಟ್ಟಲೆ ಹಿಂಬಾಲಿಸುವ ಸಮೀಕ್ಷೆಗಳಲ್ಲಿ ಹಿಡಿಯೋದು ಕಷ್ಟ. ಅದಕ್ಕೇ ಅವು ಒಂದಕ್ಕೊಂದು ಜಗಳವಾಡ್ತವೆ. 2019ರಲ್ಲಿ ಅಮೆರಿಕದ 29,615 ಜನರ ಅಧ್ಯಯನ ದಿನಕ್ಕೆ ಅರ್ಧ ಮೊಟ್ಟೆ ಹೆಚ್ಚಾದರೆ ಹೃದಯರೋಗದ ಅಪಾಯ ಶೇಕಡಾ 6 ಹೆಚ್ಚು ಅಂದಿತು. ಆದರೆ ಅವರ ಊಟವನ್ನು ಶುರುವಿನಲ್ಲಿ ಒಂದೇ ಸಲ ಕೇಳಿ, ಸುಮಾರು 17 ವರ್ಷ ಅದನ್ನೇ ನಂಬಲಾಗಿತ್ತು. 2020ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅಮೆರಿಕದ್ದೇ ಇನ್ನೊಂದು ಅಧ್ಯಯನ, ಊಟದ ವಿವರವನ್ನು ಮತ್ತೆ ಮತ್ತೆ ಕೇಳುತ್ತಾ ಬಂದದ್ದು, ದಿನಕ್ಕೊಂದು ಮೊಟ್ಟೆಯವರೆಗೆ ಅಪಾಯ ಕಾಣಲಿಲ್ಲ ಅಂದಿತು. ಅದೇ ವರ್ಷ ಪ್ಯೂರ್ ಎಂಬ ಅಂತರರಾಷ್ಟ್ರೀಯ ಅಧ್ಯಯನ, 21 ದೇಶಗಳ 1,46,011 ಜನರಲ್ಲಿ, ಮೊಟ್ಟೆಗೂ ಹೃದಯರೋಗಕ್ಕೂ ಗಮನಾರ್ಹ ನಂಟು ಕಾಣಲಿಲ್ಲ ಅಂತ ಹೇಳಿತು. ಪ್ಯೂರ್‌ನಲ್ಲಿ ಭಾರತವೂ ಇದೆ. ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಅದರ ಒಂದು ಮುಖ್ಯ ಕೇಂದ್ರ.

ಇಲ್ಲಿ ಇನ್ನೊಂದು ಪ್ರಶ್ನೆ ಬರುತ್ತೆ: ಮೊಟ್ಟೆ ಯಾವುದರ ಜೊತೆ, ಯಾವುದರ ಬದಲಿಗೆ? ನಮ್ಮ ಕ್ಯಾಂಪಸ್ ಗೇಟ್ ಹೊರಗೆ ಎಗ್ ಪಫ್ಸ್ ಸಿಗುತ್ತೆ. ಅದರಲ್ಲಿರೋ ಅರ್ಧ ಮೊಟ್ಟೆ ಬಗ್ಗೆ ಚಿಂತೆ ಮಾಡ್ತೀವಿ, ಸುತ್ತಲಿನ ಪದರ ಪದರದಲ್ಲಿರೋ ವನಸ್ಪತಿ ಬಗ್ಗೆ ಅಲ್ಲ. ಎಲ್‌ಡಿಎಲ್ ಕೊಕ್ಕೆಗಳನ್ನು ಕಡಿಮೆ ಮಾಡೋದರಲ್ಲಿ ಸ್ಯಾಚುರೇಟೆಡ್ ಕೊಬ್ಬು ಊಟದ ಕೊಲೆಸ್ಟ್ರಾಲ್‌ಗಿಂತ ದೊಡ್ಡ ಆಟಗಾರ. ಒಂದು ಮೊಟ್ಟೆಯಲ್ಲಿ ಅದು ಸುಮಾರು 1.6 ಗ್ರಾಂ. ಒಂದು ದೊಡ್ಡ ಚಮಚ ತುಪ್ಪದಲ್ಲಿ 8 ಗ್ರಾಂಗೂ ಮೇಲೆ. ಪಾಮ್ ಎಣ್ಣೆಯಲ್ಲಿ ಹೆಚ್ಚುಕಡಿಮೆ ಅರ್ಧಕ್ಕರ್ಧ ಅದೇ. 1997ರಲ್ಲಿ ಬ್ರಿಟನ್ನಿನ ಕ್ಲಾರ್ಕ್ ತಂಡ ಆಸ್ಪತ್ರೆಯೊಳಗೇ ಊಟ ಕೊಟ್ಟು ಮಾಡಿದ ನೂರಾರು ಪ್ರಯೋಗಗಳನ್ನು ಜೋಡಿಸಿದಾಗ, ಊಟದ ಸ್ಯಾಚುರೇಟೆಡ್ ಕೊಬ್ಬಿನಲ್ಲಿ ಶೇಕಡಾ 60ನ್ನು ಬದಲಾಯಿಸಿ, ಕೊಲೆಸ್ಟ್ರಾಲ್‌ನಲ್ಲಿ ಶೇಕಡಾ 60ನ್ನು ಬಿಟ್ಟರೆ ರಕ್ತದ ಕೊಲೆಸ್ಟ್ರಾಲ್ ಚೆನ್ನಾಗಿ ಇಳಿಯುತ್ತೆ, ಆ ಇಳಿಕೆಯಲ್ಲಿ ಐದರಲ್ಲಿ ನಾಲ್ಕು ಪಾಲು ಎಲ್‌ಡಿಎಲ್‌ನಲ್ಲೇ ಅಂತ ಗೊತ್ತಾಯಿತು. ಹಳದಿ ಬಿಸಾಕಿ, ಅದೇ ಸಂಜೆ ಎರಡು ಪಫ್ಸ್ ತಿನ್ನೋದು ಸೋರುವ ಟ್ಯಾಂಕ್ ಬಿಟ್ಟು ನಲ್ಲಿಯ ಹನಿ ಒರೆಸಿದ ಹಾಗೆ. ಮೇಲಾಗಿ ಬಿಸಾಕಿದ ಆ ಹಳದಿಯ ಜೊತೆ ಮೊಟ್ಟೆಯ ಪ್ರೋಟೀನ್‌ನಲ್ಲಿ ಐದರಲ್ಲಿ ಎರಡು ಪಾಲು, ವಿಟಮಿನ್ ಎ, ಡಿ, ಮತ್ತು ಸಸ್ಯಾಹಾರಿಗಳಿಗೆ ಸುಲಭಕ್ಕೆ ಸಿಗದ ಬಿ12ನ ಹೆಚ್ಚಿನ ಪಾಲು ಕಸದ ಬುಟ್ಟಿಗೆ ಹೋಗುತ್ತೆ.

ಇಷ್ಟು ಹೇಳಿ ನಾವು ಗೆದ್ದೆವು ಅಂದುಕೊಂಡು ಮಲಗಬಹುದಿತ್ತು. ಆದರೆ ನಮ್ಮ ರೂಮಿನ ನಾಲ್ಕನೆಯವನು ವಾದದ ಉದ್ದಕ್ಕೂ ಮಾತೇ ಆಡಿರಲಿಲ್ಲ. ಕೊನೆಯ ದಿನ ಫೋನ್‌ನಲ್ಲಿ ತನ್ನ ರಿಪೋರ್ಟ್ ತೋರಿಸಿದ. ಎಲ್‌ಡಿಎಲ್ 204. ಅವನು ತೆಳ್ಳಗಿದ್ದಾನೆ, ಕಬಡ್ಡಿ ಆಡ್ತಾನೆ, ಮೊಟ್ಟೆ ತಿನ್ನೋದು ವಾರಕ್ಕೆರಡು. ಅವನ ಅಪ್ಪನಿಗೆ 41ನೇ ವಯಸ್ಸಿನಲ್ಲಿ ಹಾರ್ಟ್ ಅಟ್ಯಾಕ್ ಆಗಿತ್ತು. "ಮೊಟ್ಟೆ ಬಿಟ್ರೆ ಸರಿ ಹೋಗುತ್ತಾ?" ಅಂತ ಕೇಳಿದ.

ಮೇಲಿನ ಲೆಕ್ಕ ಓದಿದ ನಿಮಗೆ ಉತ್ತರ ಗೊತ್ತು. ಮೊಟ್ಟೆ ಬಿಟ್ಟರೆ ಕೆಲವೇ ಮಿಲಿಗ್ರಾಂ ಇಳಿಯಬಹುದು. 204ನ್ನು ಮೊಟ್ಟೆ ತಂದಿದ್ದಲ್ಲ, ಮೊಟ್ಟೆ ಬಿಟ್ಟರೆ ಅದು ಹೋಗೋದೂ ಇಲ್ಲ. ಎಲ್‌ಡಿಎಲ್ 190 ದಾಟಿದ್ದು, ಜೊತೆಗೆ ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತ ಆಗಿದ್ದರೆ ವೈದ್ಯರು ಮೊದಲು ಸಂಶಯಪಡೋದು ವಂಶವಾಹಿ ಕಾಯಿಲೆಯನ್ನು. ಹುಟ್ಟಿನಿಂದಲೇ ಆ ಎಲ್‌ಡಿಎಲ್ ಕೊಕ್ಕೆಗಳಲ್ಲಿ ಅರ್ಧದಷ್ಟು ಕೆಲಸ ಮಾಡದ ಸ್ಥಿತಿ ಅದು. ಇಂಗ್ಲಿಷಿನಲ್ಲಿ ಫ್ಯಾಮಿಲಿಯಲ್ ಹೈಪರ್‌ಕೊಲೆಸ್ಟ್ರೊಲೀಮಿಯಾ ಅಂತಾರೆ. ಜಗತ್ತಿನಲ್ಲಿ ಸುಮಾರು 250ರಿಂದ 300 ಜನರಲ್ಲಿ ಒಬ್ಬರಿಗೆ ಇದು ಇರುತ್ತೆ. ನಮ್ಮ ಕಾಲೇಜಿನಲ್ಲಿ ಮೂರು ಸಾವಿರ ಜನ ಇದ್ದೇವೆ, ಭಾಗಿಸಿ ನೋಡಿ. ಇದಕ್ಕೆ ಔಷಧ ಇದೆ, ಬೇಗ ಶುರು ಮಾಡಿದಷ್ಟೂ ಒಳ್ಳೆಯದು. ನಾವು ಅವನನ್ನು ಕರೆದುಕೊಂಡು ವೈದ್ಯರ ಹತ್ತಿರ ಹೋದೆವು. ಈಗ ಅವನು ಮಾತ್ರೆ ತಗೋತಾನೆ, ಊಟದ ಬಗ್ಗೆ ವೈದ್ಯರು ಹೇಳಿದ್ದನ್ನೂ ಪಾಲಿಸ್ತಾನೆ. ಊರಿನಲ್ಲಿ ಅವನ ತಂಗಿಗೂ ಪರೀಕ್ಷೆ ಆಯಿತು.

ಅವನಂಥವರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ ನಮ್ಮ ಈ ಲೇಖನದ "ಪರವಾಗಿಲ್ಲ" ಅನ್ವಯಿಸಲ್ಲ. ಆರೋಗ್ಯವಂತರ ಮೇಲಿನ ಸಮೀಕ್ಷೆಗಳಲ್ಲಿ ಅಪಾಯ ಕಾಣದಿದ್ದಾಗಲೂ ಡಯಾಬಿಟಿಸ್ ಇದ್ದವರ ಗುಂಪಿನಲ್ಲಿ ಹೆಚ್ಚಿನ ಅಪಾಯ ಕಂಡದ್ದಿದೆ. ಆರೋಗ್ಯವಂತರಲ್ಲೂ ಕೆಲವರ ದೇಹ ಊಟದ ಕೊಲೆಸ್ಟ್ರಾಲ್‌ಗೆ ಸರಾಸರಿಗಿಂತ ಜೋರಾಗಿ ಸ್ಪಂದಿಸುತ್ತೆ. ಇನ್ನೊಂದು ತುದಿಯಲ್ಲಿ, 1991ರಲ್ಲಿ ಅಮೆರಿಕದ ವೈದ್ಯ ಫ್ರೆಡ್ ಕರ್ನ್ ವರದಿ ಮಾಡಿದ 88 ವರ್ಷದ ಅಜ್ಜ ಇದ್ದಾರೆ. ವರ್ಷಗಟ್ಟಲೆ ದಿನಕ್ಕೆ 25 ಮೊಟ್ಟೆ ತಿಂದರೂ ಅವರ ಕೊಲೆಸ್ಟ್ರಾಲ್ ಸಾಮಾನ್ಯವಾಗಿತ್ತು, ಯಾಕಂದರೆ ಅವರ ಕರುಳು ತಿಂದದ್ದರಲ್ಲಿ ಶೇಕಡಾ 18 ಮಾತ್ರ ಹೀರಿಕೊಳ್ಳುತ್ತಿತ್ತು. ಆ ಅಜ್ಜನ ಕರುಳು ನಮಗಿದೆ ಅಂತ ಬೆಟ್ ಕಟ್ಟೋಕೆ ಆಗಲ್ಲ.

ಹಾಗಾಗಿ ನಮ್ಮ ನಿಲುವು ಇದು. ನಿಮಗೆ ಕಾಯಿಲೆ ಇಲ್ಲ, ಮನೆಯಲ್ಲಿ ಚಿಕ್ಕ ವಯಸ್ಸಿನ ಹೃದಯಾಘಾತದ ಇತಿಹಾಸ ಇಲ್ಲ ಅಂದರೆ, ದಿನಕ್ಕೊಂದು ಮೊಟ್ಟೆಯನ್ನು ಹಳದಿ ಸಮೇತ ತಿನ್ನಿ. ಆದರೆ "ಏನೂ ಏರಲ್ಲ" ಅಂತ ಹೇಳಿಕೊಂಡು ತಿನ್ನಬೇಡಿ. ನಾಲ್ಕರಿಂದ ಒಂಬತ್ತು ಮಿಲಿಗ್ರಾಂ ಏರಬಹುದು, ಅದು ನನಗೆ ಒಪ್ಪಿಗೆ ಅಂತ ಗೊತ್ತಿದ್ದು ತಿನ್ನಿ. ಮೂರು, ನಾಲ್ಕು ಮೊಟ್ಟೆಗೆ ಹೋಗೋರು ಮೊದಲು ಒಂದು ಲಿಪಿಡ್ ಪ್ರೊಫೈಲ್ ಮಾಡಿಸಿ. ಒಂದೇ ರಿಪೋರ್ಟ್‌ನ ಹತ್ತಿಪ್ಪತ್ತು ಅಂಕಿಯ ಏರಿಳಿತಕ್ಕೆ ಕುಣಿಯಬೇಡಿ, ಹೆದರಲೂಬೇಡಿ. ಆದರೆ ಎಲ್‌ಡಿಎಲ್ 190 ದಾಟಿದ್ದರೆ ಅದು ಗದ್ದಲ ಅಲ್ಲ. ಅವತ್ತೇ ವೈದ್ಯರ ಹತ್ತಿರ ಹೋಗಿ.

ಮೊನ್ನೆ ಮೆಸ್‌ನಲ್ಲಿ ಮತ್ತೆ ಮೊಟ್ಟೆ ಇತ್ತು. ಜಿಮ್ ಸೀನಿಯರ್ ಹಳದಿಯನ್ನು ತಟ್ಟೆಯ ಅಂಚಿಗೆ ತಳ್ಳಿ ನಮ್ಮ ಕಡೆ ನೋಡಿದರು. ನಾವು ಏನೂ ಹೇಳಲಿಲ್ಲ, ಪೇಪರ್ ನ್ಯಾಪ್ಕಿನ್ ಮೇಲೆ ವರ್ಗಮೂಲದ ಗ್ರಾಫ್ ಬರೆದು ಆ ಕಡೆ ಸರಿಸಿದೆವು. ಸ್ವಲ್ಪ ಹೊತ್ತು ನೋಡಿ, ಹಳದಿಗೆ ಉಪ್ಪು, ಮೆಣಸಿನ ಪುಡಿ ಉದುರಿಸಿಕೊಂಡು ತಿಂದರು.